ಬಿಟ್ಟುಕೊಟ್ಟ ಹತ್ತು ನಿಮಿಷ

ಹಾಲಿನ ಕಂಪನಿಯ ಮೂರನೇ ಮಹಡಿಯಲ್ಲಿ, ಎಂ.ಡಿ.ಯವರ ಬಾಗಿಲಿಗೆ ಅಂಟಿಕೊಂಡಂತಿದ್ದ ಮೇಜಿನ ಹಿಂದೆ ಆಕೆ ಹತ್ತೊಂಬತ್ತು ವರ್ಷ ಕೂತಿದ್ದರು. ಹುದ್ದೆ ಆಪ್ತ ಸಹಾಯಕಿ. ಸಾಹೇಬರ ದಿನವನ್ನು ತುಂಡು ಮಾಡಿ ಯಾರಿಗೆಷ್ಟು ಎಂದು ಹಂಚುವವರು ಅವರೇ. ಅದಕ್ಕೇ ಎಲ್ಲರೂ ಬೆನ್ನ ಹಿಂದೆ ಗಡಿಯಾರದಮ್ಮ ಎನ್ನುತ್ತಿದ್ದರು. ಅವರ ಮುಂದೆ ಯಾರ ಬೇಳೆಯೂ ಬೇಯುತ್ತಿರಲಿಲ್ಲ.

ಒಂದು ಗುರುವಾರ ಬೆಳಿಗ್ಗೆ ಖರೀದಿ ವಿಭಾಗದ ಅಧಿಕಾರಿ ಏದುಸಿರು ಬಿಡುತ್ತ ಬಂದ.

“ಮೇಡಂ, ಸಾಹೇಬರ ಹತ್ರ ಹತ್ತೇ ನಿಮಿಷ ಬೇಕಿತ್ತು. ಅರ್ಜೆಂಟ್ ಅಪ್ರೂವಲ್.”

“ಇವತ್ತು ಸೂಜಿ ಮೊನೆಯಷ್ಟೂ ಜಾಗ ಇಲ್ಲಪ್ಪ. ನಾಲ್ಕಕ್ಕೆ ಏರ್‌ಪೋರ್ಟಿಗೆ ಹೊರಡ್ತಾರೆ, ಬರೋದು ಮೂರು ವಾರ ಆದ್ಮೇಲೆ. ಏನು ವಿಷಯ?”

“ಕೋಲ್ಡ್ ರೂಮಿನ ಕಂಪ್ರೆಸರ್ ಇನ್ನೇನು ಕೈ ಕೊಡತ್ತೆ. ಇವತ್ತು ಐದರೊಳಗೆ ಆರ್ಡರ್ ಹೋದ್ರೆ ಹೊಸದು ಹತ್ತು ದಿನಕ್ಕೆ ಬರತ್ತೆ. ತಪ್ಪಿದ್ರೆ ಎರಡು ತಿಂಗಳು.”

“ಜನರಲ್ ಮ್ಯಾನೇಜರ್ ಸಹಿ ಸಾಲಲ್ವಾ?”

“ಅವರ ಮಿತಿ ದಾಟಿದೆ. ಫೈನಾನ್ಸ್‌ನವರದ್ದು ಆಗಿದೆ.”

“ಹಾಗಾದ್ರೆ ಒಂದೇ ಪುಟದಲ್ಲಿ ಬರ್ಕೊಂಡು ಬಾ. ಏನು ಬೇಕು, ಯಾಕೆ ಇವತ್ತೇ, ತಡವಾದ್ರೆ ಏನಾಗತ್ತೆ. ಅವರು ಮೊದಲೇ ಓದಿರ್ಲಿ.”

ಆಕೆ ಕಂಪ್ಯೂಟರಿನ ಕ್ಯಾಲೆಂಡರನ್ನು ಮೇಲಿಂದ ಕೆಳಗೆ ನೋಡಿದರು. ಮೂರೂ ನಲವತ್ತರ ಸಾಲಿನಲ್ಲಿ ‘ವೈಯಕ್ತಿಕ’ ಎಂದಷ್ಟೇ ಇತ್ತು. ಅದನ್ನು ಅಳಿಸಿದರು.

“ಮೂರೂ ನಲವತ್ತಕ್ಕೆ ಬಾ.”

ಕಂಪ್ರೆಸರಿನ ಕಡತ ತನ್ನ ಮೇಜಿನ ಮೇಲೆಯೇ ನಾಲ್ಕು ದಿನ ಬಿದ್ದಿತ್ತೆಂದು ಅವನು ಬಾಯಿ ಬಿಡಲಿಲ್ಲ. ಹತ್ತು ನಿಮಿಷ ಇಪ್ಪತ್ತಾಯಿತು. ಸಹಿಯಾಯಿತು, ಆರ್ಡರ್ ಹೋಯಿತು, ಹಾಲು ಕೆಡಲಿಲ್ಲ. ಅವನಿಗೆ ಶಹಬ್ಬಾಸ್‌ಗಿರಿಯೂ ಸಿಕ್ಕಿತು.

ತಿಂಗಳ ನಂತರ ಸಿಬ್ಬಂದಿ ವಿಭಾಗದ ಗುಮಾಸ್ತೆ ಮಾತಿನ ನಡುವೆ ಅವನಿಗೆ ಹೇಳಿದಳು: ಅವತ್ತಿನ ಮೂರೂ ನಲವತ್ತು ಗಡಿಯಾರದಮ್ಮ ತಮಗೇ ಇಟ್ಟುಕೊಂಡಿದ್ದ ಹೊತ್ತು. ಅವರ ಒಂಟಿ ಅಕ್ಕನ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. ಅಕ್ಕನಿರುವ ಊರಿನ ಶಾಖೆಗೆ ವರ್ಗ ಕೇಳಬೇಕೆಂದಿದ್ದರು. ಎಂ.ಡಿ. ಒಪ್ಪಬೇಕಿತ್ತು. ವರ್ಗದ ಪಟ್ಟಿ ಮರುದಿನವೇ ಮುಗಿದು, ಆ ಜಾಗ ಬೇರೊಬ್ಬರ ಪಾಲಾಯಿತು.

ಅವನು ನೇರ ಮೂರನೇ ಮಹಡಿಗೆ ಹೋದ.

“ಮೇಡಂ, ಆ ಫೈಲು ನನ್ನ ಹತ್ರಾನೇ ನಾಲ್ಕು ದಿನ ಇತ್ತು. ನಾನು ಸೋಮಾರಿತನ ಮಾಡ್ದೆ. ನಿಮ್ಮ ಟೈಮು ಅಂತ ಒಂದು ಮಾತು ಹೇಳಿದ್ರೆ...”

“ಹೇಳಿದ್ರೆ ಹಾಲು ಕೆಟ್ಟಿರೋದು,” ಎಂದರು ಆಕೆ. ಆಮೇಲೆ ತಗ್ಗಿದ ದನಿಯಲ್ಲಿ, “ನಿನ್ನ ಮೇಲೆ ಹಾಕಿ ನಾನು ಕೈ ತೊಳ್ಕೊಳ್ಳೋ ಹಾಗಿಲ್ಲ. ಅವತ್ತು ಕಾರಿನ ತನಕ ಸಾಹೇಬರ ಜೊತೇನೇ ನಡೆದೆ. ಟಿಕೆಟ್ಟು, ಹೋಟೆಲ್ಲು, ಬಿ.ಪಿ. ಮಾತ್ರೆ, ಎಲ್ಲ ನೆನಪು ಮಾಡ್ದೆ. ನನ್ನ ಮಾತು ಮಾತ್ರ ಗಂಟಲಲ್ಲೇ ಉಳೀತು. ಊರಿನವರಿಗೆಲ್ಲ ಟೈಮು ಕೇಳಿದೀನಿ, ನನಗೆ ಅಂತ ಕೇಳಿ ಅಭ್ಯಾಸ ಇಲ್ಲ ನೋಡು.”

ಫೋನು ಬಡಿದುಕೊಂಡಿತು, ಆಕೆ ಎತ್ತಿಕೊಂಡರು.

ಮುಂದಿನ ಮೂರು ವರ್ಷ ಆಕೆ ಶನಿವಾರ ಸಂಜೆಯ ಬಸ್ಸಿಗೆ ಅಕ್ಕನ ಊರಿಗೆ ಹೋಗಿ ಭಾನುವಾರ ವಾಪಸಾಗುತ್ತಿದ್ದರು. ನಿವೃತ್ತರಾಗಿ, ಎರಡು ಪೆಟ್ಟಿಗೆ ಹಿಡಿದು ಅಕ್ಕನ ಮನೆ ತಲುಪಿದ ದಿನ ಬುಧವಾರ. ಬಾಗಿಲು ತೆಗೆದ ಅಕ್ಕ ಅವರ ಮುಖದತ್ತಲೇ ನೋಡುತ್ತ, “ಯಾರು?” ಎಂದು ಕೇಳಿದಳು.