ತಾರೀಖು ತಿದ್ದುವ ಶೈಲಜಮ್ಮ

ಬೆಳಿಗ್ಗೆ ಅಂಗಡಿಗೆ ಬಂದವರೇ ಶೈಲಜಮ್ಮ ಚಪ್ಪಲಿ ಬಿಟ್ಟು, ಗೋಡೆಯ ಕ್ಯಾಲೆಂಡರಿನಿಂದ ನಿನ್ನೆಯ ಹಾಳೆ ಹರಿಯುತ್ತಿದ್ದರು. ದೇವರ ಪಟಕ್ಕೆ ಊದಿನಕಡ್ಡಿ ಹಚ್ಚಿ ಕಂಪ್ಯೂಟರ್ ಹಾಕುತ್ತಿದ್ದರು. ಅದು ಮೊದಲು ಕಪ್ಪು ಪರದೆಯ ಮೇಲೆ ಏನೋ ತಕರಾರು ತೆಗೆಯುತ್ತಿತ್ತು. ಒಂದು ಗುಂಡಿ ಒತ್ತಿ ಅದನ್ನು ಸಮಾಧಾನ ಮಾಡಿ, ಕ್ಯಾಲೆಂಡರ್ ನೋಡಿಕೊಂಡು ಆ ದಿನದ ತಾರೀಖನ್ನೂ ಗಡಿಯಾರ ನೋಡಿಕೊಂಡು ಹೊತ್ತನ್ನೂ ತುಂಬುತ್ತಿದ್ದರು. ಒಳಗಿನ ಸಣ್ಣ ಬ್ಯಾಟರಿ ಸತ್ತು ಬಹಳ ದಿನವಾಗಿತ್ತು. ರಾತ್ರಿ ಮೇನ್ ಆಫ್ ಮಾಡಿದರೆ ಸಾಕು, ಬೆಳಿಗ್ಗೆ ಆ ಯಂತ್ರಕ್ಕೆ ಯಾವುದೋ ಹಳೇ ಇಸವಿಯ ಜನವರಿ ಒಂದನೇ ತಾರೀಖಿನ ನಡುರಾತ್ರಿ.

ಚಾಮರಾಜಪೇಟೆಯ ಆ ಡಿಟಿಪಿ ಅಂಗಡಿಯ ಮಾಲೀಕ ಕೇದಾರ್. ಅಲ್ಲಿ ಟೈಪ್ ಮಾಡುತ್ತಿದ್ದ ಶೈಲಜಮ್ಮನಿಗಿಂತ ಹತ್ತು ವರ್ಷ ಚಿಕ್ಕವನು. ಲಗ್ನಪತ್ರಿಕೆ, ಸಂಘಗಳ ವರದಿ, ಒಮ್ಮೊಮ್ಮೆ ಪುಸ್ತಕ ಅಲ್ಲಿ ತಯಾರಾಗುತ್ತಿದ್ದವು. ನಮ್ಮ ಭಜನಾ ಮಂಡಳಿಯ ಹಾಳೆಗಳನ್ನು ಮಾಡಿಸಲು ಹೋದಾಗಲೆಲ್ಲ ನಾನು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತಿರುತ್ತಿದ್ದೆ. ಎರಡು ಸಾವಿರದ ಒಂದನೇ ಇಸವಿಯ ಆ ಗುರುವಾರವೂ ಕೂತಿದ್ದೆ.

ಆಗ ನಡೆಯುತ್ತಿದ್ದದ್ದು ರಾಮಸ್ವಾಮಿ ಮೇಷ್ಟ್ರ ಪುಸ್ತಕ. ತ್ಯಾಗರಾಜನಗರದ ನಿವೃತ್ತ ಮೇಷ್ಟ್ರು. ಅವರ ಅಕ್ಕ ಕಾವೇರಮ್ಮನಿಗೆ ಮನೆಯ ಹಿರಿಯರಿಂದ ಬಂದ ಹಸೆ ಹಾಡು, ಆರತಿ ಹಾಡು ರಾಶಿ ಬರುತ್ತಿದ್ದವು. ಎಲ್ಲೂ ಬರೆದಿಟ್ಟದ್ದಲ್ಲ, ಬಾಯಲ್ಲಿದ್ದದ್ದು. ಅವನ್ನೇ ಮೇಷ್ಟ್ರು ಕೇಳಿ ಬರೆದುಕೊಂಡು ಪುಸ್ತಕ ಮಾಡಿಸುತ್ತಿದ್ದರು. ಆಕೆಗೆ ಎಂಬತ್ತು ತುಂಬುವ ಭಾನುವಾರ ಪುಸ್ತಕವನ್ನು ಕೈಗೆ ಕೊಡಬೇಕೆಂದು ಮೇಷ್ಟ್ರ ಆಸೆ. ಶುಕ್ರವಾರ ಬೆಳಿಗ್ಗೆ ಅಂಜನಪ್ಪನ ಪ್ರೆಸ್ಸಿಗೆ ಟ್ರೇಸಿಂಗ್ ಹಾಳೆಗಳು ಹೋಗಬೇಕಿತ್ತು. ಅವುಗಳಿಂದಲೇ ಅಚ್ಚಿನ ಪ್ಲೇಟು ಮಾಡುವುದು.

ಗುರುವಾರ ಬೆಳಿಗ್ಗೆ ಮೇಷ್ಟ್ರು ಫೋನ್ ಮಾಡಿ, "ಫೈನಲ್ ಟೂ ಇದೆಯಲ್ಲ, ಅದನ್ನೇ ಟ್ರೇಸಿಂಗ್ ತೆಗೆದುಬಿಡಿ" ಅಂದರು.

ಶೈಲಜಮ್ಮ ಅಲ್ಲೇ ನಿಲ್ಲಿಸಿದರು. "ಮೇಷ್ಟ್ರೇ, ನನ್ನ ಹತ್ರ ಫೈನಲ್ ಇದೆ, ಫೈನಲ್ ಟೂ ಇದೆ, ಫೈನಲ್ ನ್ಯೂ ಇದೆ, ಲೇಟೆಸ್ಟ್ ಅಂತಲೂ ಇದೆ. ನಿಮಗೆ ಯಾವುದು?"

"ಅಯ್ಯೋ, ಎಲ್ಲಕ್ಕಿಂತ ಹೊಸದು ಕಣಮ್ಮ! ಹಳೇದು ತೊಗೊಂಡು ನಾನೇನು ಮಾಡಲಿ?"

ಶೈಲಜಮ್ಮ ಫೈಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿ ನೋಡಿದರು. ಎಲ್ಲಕ್ಕಿಂತ ಮೇಲೆ ಬಂದದ್ದು ಲೇಟೆಸ್ಟ್. ಹಿಂದಿನ ವಾರ ತಾವೇ ಮುನ್ನುಡಿ ಸೇರಿಸಿ, ಪುಟಸಂಖ್ಯೆ ಹಾಕಿ ಉಳಿಸಿದ್ದು. ಅದನ್ನೇ ಟ್ರೇಸಿಂಗ್ ತೆಗೆದರು.

ಮಧ್ಯಾಹ್ನ ಮೇಷ್ಟ್ರು ಬಂದರು. ಕಂಕುಳಲ್ಲಿ ಹಳೆಯ ಪ್ರೂಫಿನ ಕಟ್ಟು. ಅದರ ಮೇಲೆ ಪೆನ್ಸಿಲ್ಲಿನಲ್ಲಿ 'ಫೈನಲ್ ೨' ಎಂದು ಅವರೇ ಬರೆದುಕೊಂಡಿದ್ದರು. ಅವರ ಪ್ರಕಾರ ಅದು ಎರಡನೇ ಸಲ ತಿದ್ದಿದ ಕಾಗದ. ಕಂಪ್ಯೂಟರಿನ ಫೈನಲ್ ಟೂಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಬೆಂಚಿನ ಮೇಲೆ ನನ್ನ ಪಕ್ಕ ಕೂತು ಟ್ರೇಸಿಂಗ್ ಹಾಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು. ಕೊನೆಯ ಹಾಳೆ ಮುಗಿದ ಮೇಲೆ ಮತ್ತೆ ಮೊದಲಿಂದ ಎಣಿಸಿದರು.

"ನಮ್ಮಮ್ಮನ ತುಳಸಿ ಆರತಿ ಎಲ್ಲಿ?"

"ಯಾವ ತುಳಸಿ ಆರತಿ, ಮೇಷ್ಟ್ರೇ?" ಶೈಲಜಮ್ಮನಿಗೆ ಗೊತ್ತೇ ಇರಲಿಲ್ಲ.

"ಅಕ್ಕ ಇಲ್ಲೇ ಕೂತು ಹೇಳಿದಳಲ್ಲಮ್ಮ! ನೀವಿರಲಿಲ್ಲ. ಕೇದಾರ್ ಟೈಪ್ ಹೊಡ್ಕೊಂಡ್ರು."

ಆಗ ಕೇದಾರನಿಗೆ ನೆನಪಾಯಿತು. ಶೈಲಜಮ್ಮ ತಂಗಿಯ ಮಗಳ ಮದುವೆಗೆ ರಜಾ ಹಾಕಿದ್ದ ದಿನ ಮೇಷ್ಟ್ರು ಅಕ್ಕನನ್ನು ಆಟೋದಲ್ಲಿ ಕರೆತಂದಿದ್ದರು. ಅವರು ಪ್ರೂಫ್ ಓದಿ ಹೇಳುತ್ತಿದ್ದಾಗ ಕಾವೇರಮ್ಮನಿಗೆ ತಟ್ಟನೆ ಅಮ್ಮ ಹಾಡುತ್ತಿದ್ದ ಆರತಿ ನೆನಪಾಗಿ, ಐದು ನುಡಿಯನ್ನೂ ಹಾಡಿದ್ದರು. ಕೇದಾರ್ ನೇರವಾಗಿ ಟೈಪ್ ಮಾಡಿಕೊಂಡಿದ್ದ. ಕಾಗದದ ಮೇಲೆ ಒಂದಕ್ಷರವೂ ಇರಲಿಲ್ಲ.

"ಇನ್ನೊಂದು ಸಲ ಅವರನ್ನೇ ಕೇಳೋಣ ಬಿಡಿ ಮೇಷ್ಟ್ರೇ" ಅಂದ ಕೇದಾರ್.

"ಮಾರನೇ ದಿನವೇ ಕೇಳಿದೆನಪ್ಪ. ಪಲ್ಲವಿ ಹೇಳಿ ಸುಮ್ಮನಾದಳು. ಮುಂದಿನದು ಬರಲಿಲ್ಲ. ಅದು ನಿಮ್ಮ ಡಬ್ಬದಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ." ಅಷ್ಟು ಹೇಳಿ ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸತೊಡಗಿದರು.

ಶೈಲಜಮ್ಮ ಕೇದಾರನ ಕಡೆ ತಿರುಗಿದರು. "ಯಾವ ಹೆಸರಲ್ಲಿ ಇಟ್ರಿ?"

"ಫೈನಲ್ ಅಂತಲೇ ಏನೋ. ನಿಮ್ಮ ಫೈಲ್ ಕೆಡಬಾರದು ಅಂತ ಬೇರೆ ಹೆಸರು ಕೊಟ್ಟೆ. ತಿದ್ದಿದ್ದು ಹೊಸದರಲ್ಲಿದೆ ಅಂತ ನೀವು ಮದುವೆ ಮುಗಿಸಿ ಬಂದಾಗ ಹೇಳಿದ್ದೆನಲ್ಲ?"

"ಹೊಸದು ಅಂದ್ರಿ. ಮೇಲಿರೋದು ಹೊಸದು ಅಂತ ನಾನು ನನ್ನದನ್ನೇ ತೊಗೊಂಡು ಮುನ್ನುಡಿ ಸೇರಿಸಿದೆ. ತೆಗೆದು ನೋಡಿ ನಿಮ್ಮನ್ನ ಕೇಳಬೇಕಿತ್ತು, ಕೇಳಲಿಲ್ಲ."

"ನಮ್ಮ ಅಂಗಡೀಲಿ ಎಲ್ಲವೂ ಫೈನಲ್ಲೇ, ಮುಗಿದಿದ್ದು ಮಾತ್ರ ಒಂದೂ ಇಲ್ಲ" ಎಂದು ಕೇದಾರ್ ನಗಿಸಲು ನೋಡಿದ.

ಫೈನಲ್ ತೆಗೆದರು, ಆರತಿ ಇಲ್ಲ. ಫೈನಲ್ ಟೂನಲ್ಲೂ ಇಲ್ಲ. ಫೈನಲ್ ನ್ಯೂ ತಾರೀಖಿನಲ್ಲಿ ತೀರಾ ಹಳೆಯದೆಂದು ಅದನ್ನು ಬಿಟ್ಟರು. ಶೈಲಜಮ್ಮ ರಜಾ ಹಾಕಿದ್ದ ದಿನದ ತಾರೀಖಿನ ಫೈಲು ತಾನು ಹುಡುಕುತ್ತೇನೆಂದು ಕೇದಾರ್ ಮೌಸ್ ಹಿಡಿದ. ಆ ತಾರೀಖಿನದು ಯಾವುದೂ ಇರಲಿಲ್ಲ. ಅವನ ಮುಖ ಸಣ್ಣದಾಯಿತು. ಶೈಲಜಮ್ಮ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದರು. ಆಮೇಲೆ ಕೇಳಿದರು:

"ಅವತ್ತು ಬೆಳಿಗ್ಗೆ ಕಂಪ್ಯೂಟರ್ ಹಾಕಿದಾಗ ತಾರೀಖು ಸರಿ ಮಾಡಿದ್ರಾ?"

"ಅದನ್ನ ದಿನಾ ನೀವೇ ಅಲ್ವಾ ಮಾಡೋದು?"

ಶೈಲಜಮ್ಮ ಪಟ್ಟಿಯ ತಳಕ್ಕೆ ಹೋದರು. ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ಹಳೆಯದೆಂಬಂತೆ ಕೂತಿತ್ತು ಫೈನಲ್ ನ್ಯೂ. ಮೇಷ್ಟ್ರು ಹಸ್ತಪ್ರತಿ ಹಿಡಿದು ಬರುವುದಕ್ಕೂ ಎಷ್ಟೋ ವರ್ಷ ಮೊದಲಿನ ಜನವರಿ ಒಂದನೇ ತಾರೀಖು, ಬೆಳಗಿನ ಜಾವ ಐದು ಗಂಟೆ.

"ಆ ಹೊತ್ತಿಗೆ ನೀವು ಅಂಗಡಿ ತೆಗೆಯೋದಿರಲಿ, ಹಾಸಿಗೆಯಾದರೂ ಬಿಡ್ತೀರಾ ಕೇದಾರ್?"

ತೆರೆದರು. ಕೊನೆಯ ಪುಟದಲ್ಲಿ ತುಳಸಿ ಆರತಿ ಇತ್ತು, ಐದೂ ನುಡಿ. ಮೇಷ್ಟ್ರು ಕುರ್ಚಿಯ ಹಿಂದೆ ನಿಂತು ಪರದೆಯನ್ನೇ ನೋಡಿ ಮೆಲ್ಲಗೆ ಓದಿಕೊಂಡರು. ಎರಡನೇ ನುಡಿಗೆ ಬಂದಾಗ ಓದು ರಾಗವಾಯಿತು.

"ಸರಿ, ಹಾಗಾದ್ರೆ ಇದನ್ನೇ ಟ್ರೇಸಿಂಗ್ ತೆಗೀತೀನಿ" ಎಂದು ಕೇದಾರ್ ಪ್ರಿಂಟಿಗೆ ಕೈ ಹಾಕಿದ.

ಶೈಲಜಮ್ಮ ತಡೆದರು. "ಇದರಲ್ಲಿ ಮುನ್ನುಡಿ ಇಲ್ಲ, ಪುಟಸಂಖ್ಯೆ ಇಲ್ಲ. ಮೇಷ್ಟ್ರೇ, ನೀವೇ ಹೇಳಿ, ನಿಮಗೆ ಯಾವುದು ಬೇಕು?"

"ಎಲ್ಲಾ ಇರೋದು" ಅಂದರು ಮೇಷ್ಟ್ರು.

ಅಂಥದ್ದು ಇನ್ನೂ ಹುಟ್ಟಿರಲಿಲ್ಲ. ಶೈಲಜಮ್ಮ ಲೇಟೆಸ್ಟನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡು ಆರತಿಯನ್ನು ಅದಕ್ಕೆ ತಂದು ಸೇರಿಸಿದರು. ಕಾವೇರಮ್ಮ ಅಂದು ಬೇರೇನು ತಿದ್ದಿಸಿದ್ದರೋ ಎಂದು ಫೈನಲ್ ನ್ಯೂವನ್ನು ಕಾಗದಕ್ಕೆ ತೆಗೆದು ಪುಟಕ್ಕೆ ಪುಟ ಹೋಲಿಸಿದರು. ಇನ್ನೂ ಮೂರು ಕಡೆ ಪದಗಳು ಬದಲಾಗಿದ್ದವು. ಒಂದು ಪುಟ ಹೆಚ್ಚಿದ್ದರಿಂದ ಪರಿವಿಡಿ ತಿದ್ದಿದರು. ಮೇಷ್ಟ್ರಿಂದ ಹೊಸ ಪ್ರಿಂಟಿನ ಪ್ರತಿ ಹಾಳೆಗೂ ಸಹಿ ಹಾಕಿಸಿಕೊಂಡರು. ಫೈಲಿಗೆ ಫೈನಲ್ ಎಂದೂ ಇಡಲಿಲ್ಲ, ಲೇಟೆಸ್ಟ್ ಎಂದೂ ಇಡಲಿಲ್ಲ. ಮೇಷ್ಟ್ರ ಹೆಸರು, ಆ ದಿನದ ತಾರೀಖು ಇಟ್ಟು, ಅದನ್ನೇ ಮೇಷ್ಟ್ರ ಕಟ್ಟಿನ ಮೇಲೂ ಬರೆದರು. ಮಿಕ್ಕವನ್ನೆಲ್ಲ 'ಹಳೆಯದು' ಎಂಬ ಫೋಲ್ಡರಿಗೆ ಹಾಕಿದರು. ಒಂದನ್ನೂ ಅಳಿಸಲಿಲ್ಲ.

ಶುಕ್ರವಾರ ಹಾಳೆಗಳು ಅಂಜನಪ್ಪನ ಪ್ರೆಸ್ಸಿಗೆ ಹೋದವು. ಭಾನುವಾರ ಕಾವೇರಮ್ಮನ ಕೈಗೆ ಪುಸ್ತಕ ಬಂತು. ಕಣ್ಣು ಮಂದ, ಓದಲಾರರು. ಮೇಷ್ಟ್ರು ಆರತಿಯನ್ನು ಓದಿ ಹೇಳಿದಾಗ ಆಕೆ ಮೂರನೇ ನುಡಿಯಿಂದ ದನಿಗೂಡಿಸಿದರಂತೆ.

ಮುಂದಿನ ವಾರ ನಾನು ಹೋದಾಗ ಕೇದಾರ್ ಕಂಪ್ಯೂಟರಿನ ಹೊದಿಕೆ ಬಿಚ್ಚಿ ಹೊಸ ಬ್ಯಾಟರಿ ಕೂರಿಸುತ್ತಿದ್ದ. ಮುಗಿಸಿ ಕೈ ಒರೆಸಿಕೊಂಡು ಹೇಳಿದ:

"ಶೈಲಜಮ್ಮ, ಇನ್ನು ತಾರೀಖು ತಾನೇ ಸರಿಯಾಗಿರುತ್ತೆ. ಅದಕ್ಕೋಸ್ಕರ ನೀವು ಬೇಗ ಓಡಿಬರೋದು ಬೇಡ. ಪೂಜೆಗೀಜೆ ನಿಧಾನವಾಗಿ ಮುಗಿಸ್ಕೊಂಡು ಹತ್ತೂವರೆಗೆ ಬನ್ನಿ. ಸಂಬಳ ಅಷ್ಟೇ ಇರುತ್ತೆ."

ಶೈಲಜಮ್ಮ ಪಟದ ಮುಂದೆ ಊದಿನಕಡ್ಡಿ ಸಿಕ್ಕಿಸುತ್ತಿದ್ದರು.

"ಬೇಡ ಕೇದಾರ್. ನಾನು ಹತ್ತಕ್ಕೇ ಬರ್ತೀನಿ. ನಾನು ಹೋದ ಮೇಲೆ ನೀವು ಯಾವ ಫೈಲಲ್ಲಿ ಏನು ಮಾಡಿದ್ರಿ ಅಂತ ಕೇಳ್ಕೋಬೇಕಲ್ಲ. ಈಗ ಹೇಳಿ, ನಿನ್ನೆ ಸಂಜೆ ಯಾವುದನ್ನ ಮುಟ್ಟಿದ್ರಿ?"