ಕಿವಿಗೆ ಒಂದು ವಾರ ರಜೆ

ಅವರು ಹೋಗುವ ಹಿಂದಿನ ದಿನ ಬೆಳಗ್ಗೆ ನಾನು ಅವರೆಕಾಯಿ ಸುಲಿಯುತ್ತ ಕೂತಿದ್ದೆ. ನಮ್ಮ ಯಜಮಾನರು ಕಾಫಿ ಲೋಟ ಕೆಳಗಿಟ್ಟು ಕೇಳಿದರು.

"ಹೀಗೆ ಹೇಳಬಹುದಾ? 'ತಿಂದ ಹುಡುಗನನ್ನು ಪೊಲೀಸರು ಹಿಡಿದ ವಡೆ.'"

"ಹೇಳಬಹುದು," ಎಂದೆ.

ಅವರ ಮುಖ ಬಾಡಿತು.

ಅವರು ಕಾಲೇಜಿನಲ್ಲಿ ಭಾಷಾಶಾಸ್ತ್ರ ಹೇಳುತ್ತಿದ್ದವರು. ಹುಟ್ಟಿದ್ದು ಚಾಮರಾಜಪೇಟೆಯಾದರೂ ಮನೆಮಾತು ತೆಲುಗು. ಕನ್ನಡದ ವಿಷಯದಲ್ಲಿ ತಮ್ಮ ಕಿವಿಯನ್ನು ತಾವೇ ನಂಬುತ್ತಿರಲಿಲ್ಲ. ನನ್ನ ಓದು ಎಸ್ಸೆಸ್ಸೆಲ್ಸಿಗೇ ನಿಂತಿತ್ತು, ಆದರೆ ಕನ್ನಡ ನನ್ನ ತಾಯಿಭಾಷೆ. ಅವರ ಲೇಖನಗಳ ಪ್ರತಿ ವಾಕ್ಯವೂ ಮೊದಲು ಅಡುಗೆಮನೆಗೆ ಬರುತ್ತಿತ್ತು. ನಾನು "ಥೂ, ಚೆನ್ನಾಗಿಲ್ಲ" ಅಂದರೆ ಅದರ ಮುಂದೆ, ತಪ್ಪು ವಾಕ್ಯ ಎನ್ನುವುದಕ್ಕೆ, ಒಂದು ನಕ್ಷತ್ರದ ಗುರುತು ಬೀಳುತ್ತಿತ್ತು.

ಈ ಸಲದ ಲೇಖನ, ಒಂದು ಮಾತನ್ನು ವಾಕ್ಯದ ಎಲ್ಲಿಂದ ಹೊರಗೆ ಎಳೆಯಬಹುದು, ಎಲ್ಲಿಂದ ಆಗದು ಎನ್ನುವುದರ ಮೇಲೆ. 'ಅಣ್ಣ ತಿಂದ ಅಂತ ಅತ್ತಿಗೆ ಅಮ್ಮನಿಗೆ ಹೇಳಿದ ವಡೆ' ಅಂದರೆ ಕಿವಿಗೆ ಏನೂ ತೊಂದರೆಯಿಲ್ಲ. ವಡೆ ಬಹಳ ದೂರದಿಂದ ಬಂದಿದೆ, ಆದರೂ ಸರಿ. ಹಾಗಾಗಿ ತಪ್ಪು ದೂರದ್ದಲ್ಲ. 'ಪೊಲೀಸರು ವಡೆ ತಿಂದ ಹುಡುಗನನ್ನು ಹಿಡಿದರು' ಎನ್ನುವಾಗ ವಡೆ ಇರುವುದು ಹುಡುಗ ಎಂಥವನು ಎಂದು ಹೇಳುವ ತುಂಡಿನೊಳಗೆ. ಅದೊಂದು ದ್ವೀಪವಂತೆ, ಅಲ್ಲಿಂದ ವಡೆಗೆ ದೋಣಿಯಿಲ್ಲ. ಯಾಕಿಲ್ಲ ಅಂದರೆ, ವ್ಯಾಕರಣದ ಕಟ್ಟಳೆ ಅಂತ ಕೆಲವರು, ತಲೆಗೆ ಭಾರ ಜಾಸ್ತಿ ಆಗುತ್ತೆ ಅಂತ ಕೆಲವರು, ಇನ್ನೂ ಜಗಳವಾಡುತ್ತಿದ್ದಾರಂತೆ.

ಮೊದಲ ಸಲ ಆ ಪೊಲೀಸರ ವಾಕ್ಯ ಕೇಳಿದಾಗ, "ಪೊಲೀಸರು ಹುಡುಗನ್ನ ಹಿಡಿದ್ರೋ ವಡೇನ ಹಿಡಿದ್ರೋ?" ಎಂದು ನಕ್ಕಿದ್ದೆ. ಅವರು ಖುಷಿಯಾಗಿ ನಕ್ಷತ್ರ ಹಾಕಿಕೊಂಡರು. ಅನುಮಾನದ ಪ್ರಾಣಿ, ಮೂರು ವಾರ ದಿನವೂ ಅದನ್ನೇ ಕೇಳಿದರು. ಕೇಳೀ ಕೇಳೀ ನನಗೆ ಒಗ್ಗಿಹೋಯಿತು.

"ನಿನ್ನ ಕಿವಿ ಕೆಟ್ಟೋಯ್ತು ಕಣೇ."

"ಕೆಡಿಸಿದ್ದು ಯಾರು?"

ಲೇಖನ ಅವತ್ತೇ ಕಳಿಸಬೇಕಿತ್ತು. ಆ ನಕ್ಷತ್ರ ತಪ್ಪಾದರೆ ಇಡೀ ವಾದವೇ ಬೀಳುತ್ತಿತ್ತು. ಚಪ್ಪಲಿ ಮೆಟ್ಟಿ ಗಾಂಧಿಬಜಾರಿನ ಹೂವಿನವಳ ಹತ್ತಿರ ಹೊರಟರು. ಸಮಜಾಯಿಷಿ ಹೇಳುವುದಕ್ಕೆ ನಾನೂ ಹಿಂದೆ ಹೋದೆ.

ಅವಳು ಎರಡು ವಾಕ್ಯವನ್ನೂ ಗಂಭೀರವಾಗಿ ಕೇಳಿಸಿಕೊಂಡಳು.

"ಅತ್ತಿಗೇದು ಸರಿ ಮೇಷ್ಟ್ರೇ. ಆದ್ರೆ ಅಣ್ಣ ತಿಂದಿರಲ್ಲ ಬಿಡಿ, ಅವಳೇ ತಿಂದಿರ್ತಾಳೆ."

"ಪೊಲೀಸರದು?"

"ಹಂಗೆ ಯಾರೂ ಅನ್ನಲ್ಲ." ನನ್ನ ಕಡೆ ತಿರುಗಿದಳು. "ಅಮ್ಮಾ, ಇವರಿಗೆ ನಿದ್ದೆ ಸರಿಯಾಗಿ ಬರ್ತಿದೆಯಾ?"

ಅವರು ಚೌಕಾಸಿ ಮಾಡದೆ ನಾಲ್ಕು ಮೊಳ ಮಲ್ಲಿಗೆ ಕೊಂಡರು.

"ನಿನ್ನ ಕಿವಿಗೆ ಒಂದು ವಾರ ರಜೆ," ಎಂದರು ದಾರಿಯಲ್ಲಿ. "ಎಂಟನೇ ದಿನ ಬೇರೆ ವಾಕ್ಯ ಕೇಳ್ತೀನಿ. ರಿಪೇರಿ ಆಗಿದೆಯೋ ನೋಡೋಣ."

"ಆಗದಿದ್ರೆ?"

"ಹೂವಿನವಳನ್ನೇ ಕೇಳ್ಕೊಂಡಿರ್ತೀನಿ."

ಸಂಜೆ ಲೇಖನ ಕಳಿಸಿದರು. ಮರುದಿನ ಬೆಳಗ್ಗೆ ಏಳಲಿಲ್ಲ.

ಎಂಟನೇ ದಿನ ಮನೆ ತುಂಬ ನೆಂಟರಿದ್ದರು. ಊಟ ಆಯಿತಾ, ಮಾತ್ರೆ ತಗೊಂಡೆಯಾ ಎಂದು ಎಲ್ಲರೂ ಕೇಳಿದರು. ಎಲ್ಲವೂ ಸರಿಯಾದ ವಾಕ್ಯಗಳೇ. ನನ್ನ ಕಿವಿ ರಿಪೇರಿ ಆಗಿದೆಯೋ ಇಲ್ಲವೋ, ಇದುವರೆಗೆ ಯಾರೂ ಕೇಳಿ ನೋಡಿಲ್ಲ.