ಇಡೀ ಪುಟ, ಒಂದು ಸಾಲು

ನಮ್ಮ ಅತ್ತೆ ಕಂಪ್ಯೂಟರ್ ಮುಟ್ಟಿದ್ದು ಐವತ್ತೆರಡನೇ ವಯಸ್ಸಿನಲ್ಲಿ. ಇಪ್ಪತ್ತೈದು ವರ್ಷ ಹೊಲಿಗೆ ಯಂತ್ರ ತುಳಿದು ಮಂಡಿ ಸೋತ ಮೇಲೆ ಅದೇ ಅಂಗಡಿಯಲ್ಲಿ ಒಂದು ಪ್ರಿಂಟರ್ ಇಟ್ಟುಕೊಂಡು ಅರ್ಜಿ ತುಂಬಿಸುವ ಕೆಲಸ ಶುರುಮಾಡಿದರು. ಈಗ ಈ ಬೀದಿಯವರ ಹಾಲ್‌ಟಿಕೆಟ್ಟು, ಫಲಿತಾಂಶ, ವರ್ಗಾವಣೆ ಪಟ್ಟಿ ಎಲ್ಲ ಅವರ ಕೈ ದಾಟಿಯೇ ಹೋಗಬೇಕು.

ಅವರದೊಂದು ಹಟವಿದೆ. ಯಾವ ಪಟ್ಟಿ ತೆರೆದರೂ ಮೊದಲು ಪುಟವನ್ನು ಕೆಳಗಿನ ತನಕ ಸರಿಸಿ, ಸಾಲುಗಳೆಲ್ಲ ಮೂಡಿದ ಮೇಲೆ ಬ್ರೌಸರಿನಲ್ಲಿ ಇಡೀ ಪುಟದ ಸ್ಕ್ರೀನ್‌ಶಾಟ್ ತೆಗೆಯುತ್ತಾರೆ. ಬೇಕಾದ್ದನ್ನು ಕ್ರಾಪ್ ಮಾಡುವುದು ಅದರ ಪ್ರತಿಯಲ್ಲಿ, ಮೂಲವನ್ನು ಮುಟ್ಟುವುದಿಲ್ಲ. ಬಟ್ಟೆ ಕತ್ತರಿಸಿದವರಿಗೆ ಕತ್ತರಿಯ ಭಯ ಹೋಗುವುದಿಲ್ಲ ಅಂತ ನಾನು ರೇಗಿಸುತ್ತಿದ್ದೆ. ಆ ಹಗ್ಗದಂಥ ಉದ್ದುದ್ದ ಚಿತ್ರಗಳು ಕಂಪ್ಯೂಟರಿನಲ್ಲಿ ಜಾಗ ತಿನ್ನುತ್ತಿದ್ದದ್ದು ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೊನ್ನೆ ಮಂಗಳವಾರ ಮಧ್ಯಾಹ್ನ ಮೂರಕ್ಕೆ ನರ್ಸ್ ಒಬ್ಬಳು ಏದುಸಿರು ಬಿಡುತ್ತಾ ಬಂದಳು. ಎಂಟು ತಾಸು ದೂರದ ಊರಿನಲ್ಲಿ ಕೆಲಸ. ನಾಲ್ಕು ವರ್ಷದ ಮಗಳು ಇಲ್ಲಿ ಅಜ್ಜಿಯ ಹತ್ತಿರ. ಈ ಊರಿನ ಆಸ್ಪತ್ರೆಯಲ್ಲಿ ಖಾಲಿ ಇದ್ದದ್ದು ಮೂವತ್ತೆಂಟು ಜಾಗ. ಸೇವೆಯ ಹಿರಿತನದಂತೆ ಮಾಡಿದ ವರ್ಗಾವಣೆಯ ತಾತ್ಕಾಲಿಕ ಪಟ್ಟಿಯಲ್ಲಿ ಅವಳು ಮೂವತ್ತೇಳನೆಯವಳು.

"ಅಮ್ಮಾ, ವೆಬ್‌ಸೈಟಲ್ಲಿ ಪಟ್ಟಿನೇ ಬದಲಾಗಿದೆ. ನಾನು ಕೆಲಸಕ್ಕೆ ಸೇರಿದ ದಿನಾಂಕ ತಪ್ಪು ಹಾಕಿ ನಲವತ್ತೊಂದಕ್ಕೆ ತಳ್ಳಿದ್ದಾರೆ. ಆಕ್ಷೇಪಣೆ ಕೊಡೋಕೆ ಇವತ್ತು ಐದು ಗಂಟೆಯೇ ಕೊನೆ."

ಅವಳ ಫೋನಿನಲ್ಲಿ ಇದ್ದದ್ದು ಒಂದೇ ಒಂದು ಸಾಲು: ಕ್ರಮಸಂಖ್ಯೆ, ಹೆಸರು, ಸೇರಿದ ದಿನಾಂಕ. ಹತ್ತು ದಿನದ ಹಿಂದೆ ಅವಳೇ, "ನನ್ನ ಸಾಲು ಮಾತ್ರ ಕೊಡಿ, ನಮ್ಮಮ್ಮನಿಗೆ ತೋರಿಸ್ಬೇಕು" ಅಂತ ಕ್ರಾಪ್ ಮಾಡಿಸಿಕೊಂಡು ಹೋಗಿದ್ದಳು. ಇಲ್ಲಿನ ಆರೋಗ್ಯ ಇಲಾಖೆ ಕಚೇರಿಯ ಗುಮಾಸ್ತ ಅದನ್ನು ನೋಡಿ, "ಇದು ಯಾವ ಪಟ್ಟಿ, ಯಾವತ್ತಿಂದು? ಪಟ್ಟಿಯ ಸಂಖ್ಯೆ ತನ್ನಿ, ಹಳೇ ಫೈಲ್ ತೆಗೆಸ್ತೀನಿ" ಅಂದನಂತೆ. ಅವನ ಮಾತಲ್ಲೂ ತಪ್ಪಿರಲಿಲ್ಲ.

"ಇಷ್ಟಕ್ಕೆ ಹೆದರ್ತಾರೇನಮ್ಮಾ? ಇಡೀ ಪುಟ ನನ್ನ ಹತ್ರ ಇದೆ. ಕೂತ್ಕೋ" ಅಂದರು ಅತ್ತೆ.

ಶನಿವಾರ ಅತ್ತೆ ಊಟಕ್ಕೆ ಹೋಗಿದ್ದಾಗ ಜಾಗ ಉಳಿಸಲೆಂದು ಆ ಉದ್ದ ಚಿತ್ರಗಳ ಫೋಲ್ಡರನ್ನು ನಾನೇ ಗುಡಿಸಿ ಹಾಕಿದ್ದೆ. ಒಂದೂ ಬಿಟ್ಟಿರಲಿಲ್ಲ.

ಅತ್ತೆ ಫೋಲ್ಡರ್ ತೆರೆದರು. ಖಾಲಿ. ಮುಚ್ಚಿ ಮತ್ತೆ ತೆರೆದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ನರ್ಸ್ ಗಡಿಯಾರ ನೋಡುತ್ತಿದ್ದಳು, ನಾನು ನೆಲ ನೋಡುತ್ತಿದ್ದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ; ಇಬ್ಬರದೂ ಒಟ್ಟಿಗೇ ಕೆಟ್ಟರೆ ಏನನ್ನಬೇಕೋ ಗೊತ್ತಿಲ್ಲ. ಒಬ್ಬ ತಾಯಿಯ ಹೊಟ್ಟೆ ಉರಿಸಿದೆನಲ್ಲ ಅಂತ ನನಗೆ ನಿಜವಾಗಿಯೂ ಅಳು ಬಂತು.

"ಅತ್ತೆ, ಸ್ವಲ್ಪ ಏಳ್ತೀರಾ?" ಅಂದು ಅವರ ಕುರ್ಚಿಯಲ್ಲಿ ಕೂತೆ. ರಿಸೈಕಲ್ ಬಿನ್ ತೆರೆದೆ. ದೇವರ ದಯೆ, ಅದನ್ನು ಖಾಲಿ ಮಾಡದ ಹೊರತು ಜಾಗ ಉಳಿಯುವುದಿಲ್ಲ ಅನ್ನುವುದು ಶನಿವಾರ ನನಗೆ ಹೊಳೆದಿರಲಿಲ್ಲ. ಅಳಿಸಿದ್ದೆಲ್ಲ ಅಲ್ಲೇ ಬಿದ್ದಿತ್ತು. ದಿನಾಂಕ ನೋಡಿ ಒಂದನ್ನು ಹಿಡಿದು ರಿಸ್ಟೋರ್ ಒತ್ತಿದೆ. ಚಿತ್ರ ತೆರೆದಾಗ ದಾರದಷ್ಟು ಸಣ್ಣಗೆ ಕಂಡಿತು. ದೊಡ್ಡದು ಮಾಡಿದೆ. ಮೇಲೆ ಇಲಾಖೆಯ ಶೀರ್ಷಿಕೆ, ಪಟ್ಟಿಯ ಸಂಖ್ಯೆ, ಪ್ರಕಟಣೆಯ ದಿನಾಂಕ. ಕೆಳಗೆ ಇಳಿಯುತ್ತಾ ಹೋದರೆ ಮೂವತ್ತೇಳರಲ್ಲಿ ಅವಳ ಹೆಸರು, ಪಕ್ಕದಲ್ಲಿ ಸರಿಯಾದ ದಿನಾಂಕ.

"ಸಿಕ್ತು!" ಅಂತ ಕೂಗಿಬಿಟ್ಟೆ.

"ಇಡೀದು ಒಂದೇ ಹಾಳೆಗೆ ಕೊಟ್ರೆ ಇರುವೆ ಸಾಲು ಆಗುತ್ತೆ. ಶೀರ್ಷಿಕೆಯಿಂದ ಮೂವತ್ತೆಂಟರ ತನಕ ಕತ್ತರಿಸು. ಬೇರೆ ಹೆಸರಲ್ಲಿ ಸೇವ್ ಮಾಡು" ಅಂದರು ಅತ್ತೆ, ದನಿ ಏರಿಸದೆ. ಮಾಡಿದೆ. ಹಾಳೆಯಲ್ಲಿ ಅಕ್ಷರಗಳು ಸ್ಪಷ್ಟವಾಗಿ ಬಂದವು. ನಾಲ್ಕಾಗುವ ಮೊದಲೇ ನರ್ಸ್ ಅದನ್ನು ಹಿಡಿದು ಕಚೇರಿಗೆ ಓಡಿದಳು.

ಅವಳು ಹೋದ ಮೇಲೆ ಅತ್ತೆ ನನ್ನ ಮುಖ ನೋಡಿದರು. ಬಿನ್‌ನಲ್ಲಿ ಬಿದ್ದಿದ್ದ ಸಾಲುಸಾಲು ಫೈಲುಗಳನ್ನು ಅವರೂ ನೋಡಿದ್ದರು. ಬೈಯಲಿ ಅಂತ ಕಾದೆ. ಅವರು ಪ್ರಿಂಟರಿಗೆ ಹಾಳೆ ತುಂಬಿಸಿದರು, ಅಷ್ಟೇ.

ಐದೂವರೆಗೆ ನರ್ಸ್ ವಾಪಸು ಬಂದಳು, ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು. "ಹಳೇ ಫೈಲ್ ಸಿಕ್ತಮ್ಮಾ. ತಪ್ಪು ಅವರದ್ದೇ ಅಂತ ಬರೆದುಕೊಟ್ರು. ಮತ್ತೆ ಮೂವತ್ತೇಳು!" ಅನ್ನುತ್ತಾ ಮಗಳನ್ನು ಕೆಳಗಿಳಿಸಿ ಅತ್ತೆಗೆ ಕೈ ಮುಗಿದಳು.

"ನನಗ್ಯಾಕಮ್ಮಾ ಕೈ ಮುಗೀತೀಯ?" ಅಂದರು ಅತ್ತೆ. "ನನಗೆ ಸಿಕ್ಕಿರಲಿಲ್ಲ. ಹುಡುಕಿಕೊಟ್ಟವಳು ನಮ್ಮ ಸೊಸೆ."